ಕೊಬ್ಬರಿ ಬರ್ಫಿ: ಪಾಕದ ಹದ ಮತ್ತು ಕಾಯಿಯ ನೀರು

ಕೊಬ್ಬರಿ ಬರ್ಫಿ ಗಟ್ಟಿಯಾಗುವುದು ಸಕ್ಕರೆಯಿಂದ, ಮೆತ್ತಗಿರುವುದು ಅದರಲ್ಲಿ ಉಳಿದ ನೀರು ಮತ್ತು ಕಾಯಿಯ ಜಿಡ್ಡಿನಿಂದ. ಬಿಸಿ ಪಾಕದಲ್ಲಿ ಪೂರ್ತಿ ಕರಗಿದ್ದ ಸಕ್ಕರೆ ಆರುತ್ತ ಬಂದಂತೆ ಅಷ್ಟೂ ಕರಗಿಯೇ ಇರಲಾರದು. ಒಂದು ಪಾಲು ಸಣ್ಣ ಹರಳುಗಳಾಗಿ ತುರಿಯ ಎಳೆಗಳ ನಡುವೆ ಕಟ್ಟಿಕೊಳ್ಳುತ್ತದೆ. ಮಿಕ್ಕ ಪಾಲು ದಪ್ಪ ಪಾಕವಾಗಿಯೇ ಉಳಿದು ಆ ಹರಳುಗಳನ್ನೂ ಎಳೆಗಳನ್ನೂ ಅಂಟಿಸಿ ಹಿಡಿಯುತ್ತದೆ. ಈ ದಪ್ಪ ಪಾಕ ಹೆಚ್ಚಾದರೆ ಬರ್ಫಿ ತಟ್ಟೆಯಲ್ಲಿ ಹಲ್ವದಂತೆ ಕೂತುಬಿಡುತ್ತದೆ, ಕಡಿಮೆಯಾದರೆ ಚಾಕು ತಾಗಿದೊಡನೆ ಪುಡಿಯಾಗುತ್ತದೆ. ಚಾಕುವಿಗೆ ನೇರವಾಗಿ ಕತ್ತರಿಸಲು ಬರುವ, ಬಾಯಲ್ಲಿ ಮೆತ್ತಗೆ ಬಿಡಿಸಿಕೊಳ್ಳುವ ಬರ್ಫಿ ಬೇಕಾದರೆ ಒಲೆಯಿಂದ ಇಳಿಸುವ ಹೊತ್ತಿಗೆ ಬಾಣಲೆಯಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನೇ ಗಮನಿಸಬೇಕು.

ಅಡುಗೆ ಪುಸ್ತಕಗಳು ಸಾಮಾನ್ಯವಾಗಿ ಪಾಕದ ಹದವನ್ನು ಮಾತ್ರ ಹೇಳುತ್ತವೆ. ಒಂದು ಪುಸ್ತಕ ಒಂದೆಳೆ ಪಾಕ ಸಾಕು ಎನ್ನುತ್ತದೆ, ಇನ್ನೊಂದು ಎರಡೆಳೆ ಬರಲೇಬೇಕು ಎನ್ನುತ್ತದೆ, ಮತ್ತೊಂದು ಪಾಕದ ಗೊಡವೆಯೇ ಬೇಡ, ಕಾಯಿತುರಿಗೆ ಸಕ್ಕರೆ ಸುರಿದು ಕೈಯಾಡಿಸಿ ಎನ್ನುತ್ತದೆ. ಮೂರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಮೂರರಲ್ಲೂ ಬಿಟ್ಟುಹೋಗುವ ಸಂಗತಿಯೆಂದರೆ ಬಾಣಲೆಗೆ ಬೀಳುವ ತುರಿ ತನ್ನೊಂದಿಗೆ ಎಷ್ಟು ನೀರು ತರುತ್ತದೆ ಎಂಬುದು.

ಬಲಿತ ಹಸಿ ತೆಂಗಿನಕಾಯಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನೀರೇ ಇರುತ್ತದೆ. 100 ಗ್ರಾಂ ತುರಿಯಲ್ಲಿ ಸುಮಾರು 47 ಗ್ರಾಂ ನೀರು, 33 ಗ್ರಾಂ ಜಿಡ್ಡು; ಉಳಿದದ್ದು ನಾರು, ಸ್ವಲ್ಪ ಸಕ್ಕರೆ, ಸ್ವಲ್ಪ ಪ್ರೊಟೀನು. ಅಂಗಡಿಯಲ್ಲಿ ಡೆಸಿಕೇಟೆಡ್ ಕೋಕನಟ್ ಎಂಬ ಹೆಸರಿನಲ್ಲಿ ಸಿಗುವ ಒಣ ತುರಿಯ ಕತೆ ಬೇರೆ. ಹಸಿ ಕಾಯಿಯ ಕಂದು ಸಿಪ್ಪೆ ಹೆರೆದು, ತುರಿದು, ಬಿಸಿ ಗಾಳಿಯಲ್ಲಿ ಒಣಗಿಸಿದ ಆ ತುರಿಯಲ್ಲಿ ಉಳಿಯುವ ನೀರು 100 ಗ್ರಾಮಿಗೆ 3 ಗ್ರಾಂ ಮಾತ್ರ. ಜಿಡ್ಡು 60 ಗ್ರಾಂ ದಾಟುತ್ತದೆ. ಹೀಗಾಗಿ ಹಸಿ ತುರಿ ಪಾಕವನ್ನು ತೆಳ್ಳಗೆ ಮಾಡುತ್ತದೆ, ಒಣ ತುರಿ ಪಾಕದ ನೀರನ್ನೇ ಹೀರಿಕೊಳ್ಳುತ್ತದೆ. ಎರಡಕ್ಕೂ ಒಂದೇ ಹದದ ಪಾಕ ಹೊಂದುವುದಿಲ್ಲ.

ತಿಪಟೂರು, ಅರಸೀಕೆರೆಯ ಕಡೆಯಿಂದ ಬರುವ ಉಂಡೆ ಕೊಬ್ಬರಿಯನ್ನು ಈ ಒಣ ತುರಿಯ ಜಾಗದಲ್ಲಿ ಬಳಸಬಾರದು. ಅದು ಸಿಪ್ಪೆ ಸುಲಿಯದ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ತಾನಾಗಿ ಇಂಗಿದ ಮೇಲೆ ಒಡೆದು ತೆಗೆದದ್ದು. ಅದರ ಘಮ ಜೋರು, ಬಿಸಿ ತಾಗಿದರೆ ಎಣ್ಣೆ ಬಿಡುವುದೂ ಬೇಗ. ಅವಲಕ್ಕಿಗೆ, ಚಟ್ನಿಪುಡಿಗೆ, ಅಂಟಿನುಂಡೆಗೆ ಆ ಘಮ ಚೆನ್ನ. ಬಿಳಿಯಾಗಿ, ಮೆತ್ತಗೆ ಇರಬೇಕಾದ ಬರ್ಫಿಗೆ ಅದು ಹೊಂದದು.

ಇನ್ನು ಪಾಕ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತುಸು ಆರಿದ ಪಾಕದ ಹನಿ ಇಟ್ಟು ಬೆರಳುಗಳನ್ನು ಮೆಲ್ಲಗೆ ಅಗಲಿಸಿದಾಗ ಒಂದು ಎಳೆ ಎದ್ದು ಕೂಡಲೇ ತುಂಡಾದರೆ ಅದು ಒಂದೆಳೆ ಪಾಕ. ಆಗ ಪಾಕದ ತೂಕದಲ್ಲಿ ನೂರಕ್ಕೆ 70ರಷ್ಟು ಸಕ್ಕರೆ ಇರುತ್ತದೆ, ಬಿಸಿ ಸುಮಾರು 105 ಡಿಗ್ರಿ ಸೆಲ್ಸಿಯಸ್. ಎಳೆಗಳು ಗಟ್ಟಿಯಾಗಿ, ಒಂದರ ಪಕ್ಕ ಇನ್ನೊಂದು ನಿಂತು, ತುಸು ದೂರ ಎಳೆದರೂ ಕಡಿಯದಿದ್ದರೆ ಎರಡೆಳೆ. ಸಕ್ಕರೆ 80ರ ಆಸುಪಾಸು, ಬಿಸಿ 110. ತಣ್ಣೀರಿನ ಬಟ್ಟಲಿಗೆ ಹನಿ ಬಿಟ್ಟಾಗ ಅದು ಕರಗದೆ, ಬೆರಳಲ್ಲಿ ಹೊರಳಿಸಿದರೆ ಮೆತ್ತನೆಯ ಉಂಡೆಯಾದರೆ ಉಂಡೆ ಪಾಕ. ಸಕ್ಕರೆ 85, ಬಿಸಿ ಸುಮಾರು 115. ಈ ಅಂಕಿಗಳು ಸಮುದ್ರಮಟ್ಟಕ್ಕೆ ಹೇಳಿದವು. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ ಥರ್ಮಾಮೀಟರ್ ಇಟ್ಟು ಪಾಕ ನೋಡುವವರು ಪ್ರತಿ ಅಂಕಿಯಿಂದಲೂ 3 ಕಳೆಯಬೇಕು. ಮಂಗಳೂರಿನಲ್ಲಿ ಕಳೆಯಬೇಕಾದ್ದಿಲ್ಲ. ಬೆರಳಿನ ಪರೀಕ್ಷೆಗೆ ಈ ತೊಡಕು ಇಲ್ಲ. ಅದು ಅಳೆಯುವುದು ಬಿಸಿಯನ್ನಲ್ಲ, ಪಾಕದ ದಪ್ಪವನ್ನು.

ಕತ್ತರಿಸಲು ಬರುವ ಮೆತ್ತನೆಯ ಬರ್ಫಿಗೆ ಕೊನೆಯಲ್ಲಿ ಬೇಕಾದ ಹದ ಎರಡೆಳೆಗೂ ಉಂಡೆ ಪಾಕಕ್ಕೂ ನಡುವೆ ಎಲ್ಲೋ ಇರುತ್ತದೆ. ಈ ಹದ ಬರಬೇಕಾದದ್ದು ತುರಿ ಬೀಳುವ ಮೊದಲಲ್ಲ, ತುರಿ ಬಿದ್ದು ಎಲ್ಲವೂ ಒಂದಾಗಿ ಬೆಂದ ಮೇಲೆ.

200 ಗ್ರಾಂ ಹಸಿ ತುರಿ, 200 ಗ್ರಾಂ ಸಕ್ಕರೆಯ ಒಂದು ಅಳತೆಯಲ್ಲಿ ಇದನ್ನು ನೋಡಬಹುದು. ಒಂದು ದೊಡ್ಡ ಬಲಿತ ಕಾಯಿಯಿಂದ ಹೆಚ್ಚುಕಡಿಮೆ ಇಷ್ಟು ತುರಿ ಸಿಗುತ್ತದೆ. ಸಕ್ಕರೆಗೆ 75 ಮಿಲಿಲೀಟರ್ ನೀರು ಹಾಕಿ ಎರಡೆಳೆ ಬರುವವರೆಗೆ ಕುದಿಸಿದರೆ ಪಾಕದಲ್ಲಿ ಉಳಿಯುವ ನೀರು ಸುಮಾರು 50 ಗ್ರಾಂ. ಅದಕ್ಕೆ ಹಸಿ ತುರಿ ಹಾಕಿದ ಕೂಡಲೇ ತುರಿಯೊಳಗಿನ 94 ಗ್ರಾಂ ನೀರೂ ಸೇರುತ್ತದೆ. ಈಗ 200 ಗ್ರಾಂ ಸಕ್ಕರೆಗೆ ಹತ್ತಿರ ಹತ್ತಿರ 145 ಗ್ರಾಂ ನೀರು. ಅಷ್ಟು ಕಷ್ಟಪಟ್ಟು ತಂದ ಎರಡೆಳೆ ಪಾಕ ಒಂದೆಳೆಗಿಂತಲೂ ತೆಳ್ಳಗಾಗಿಬಿಟ್ಟಿತು. ಉಂಡೆ ಪಾಕದವರೆಗೆ ತಂದಿದ್ದರೂ ಉಳಿತಾಯವಾಗುತ್ತಿದ್ದದ್ದು 15 ಗ್ರಾಂ ನೀರು, ಎಂದರೆ ಒಲೆಯ ಮೇಲಿನ ಎರಡು ಮೂರು ನಿಮಿಷ. ಹಸಿ ಕಾಯಿ ಬಳಸುವಾಗ ಪಾಕ ಒಂದೆಳೆಯೋ ಎರಡೆಳೆಯೋ ಎಂದು ತಲೆಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ ಎನ್ನುವುದು ಇದಕ್ಕೇ. ಸಕ್ಕರೆ ಪೂರ್ತಿ ಕರಗಿದ್ದರೆ ಸಾಕು. ಪಾಕವೇ ಮಾಡದೆ ತುರಿಗೆ ನೇರವಾಗಿ ಸಕ್ಕರೆ ಬೆರೆಸುವ ಮನೆಗಳಲ್ಲೂ ಬರ್ಫಿ ಸರಿಯಾಗಿಯೇ ಬರುತ್ತದೆ, ಏಕೆಂದರೆ ಸಕ್ಕರೆ ತುರಿಯೊಳಗಿನ ನೀರನ್ನು ಹೊರಗೆಳೆದು ಅದರಲ್ಲೇ ಕರಗುತ್ತದೆ. ಮೊದಲು ಪಾಕ ಮಾಡುವುದರಲ್ಲಿ ಒಂದು ಅನುಕೂಲವಂತೂ ಇದೆ: ಕುದಿಯುವಾಗ ಒಂದು ಚಮಚ ಹಾಲು ಹಾಕಿದರೆ ಸಕ್ಕರೆಯ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದುಹಾಕಿದರೆ ಬರ್ಫಿ ಹೆಚ್ಚು ಬೆಳ್ಳಗಿರುತ್ತದೆ.

ಒಲೆಯ ಮೇಲೆ ನಿಜವಾದ ಕೆಲಸ ತುರಿ ಬಿದ್ದ ಮೇಲೆ ಶುರುವಾಗುತ್ತದೆ. ಆ 145 ಗ್ರಾಂ ನೀರಿನಲ್ಲಿ ಸುಮಾರು 100 ಗ್ರಾಂ ಆವಿಯಾಗಿ ಹೋಗಬೇಕು, 40ರಿಂದ 45 ಗ್ರಾಂ ಉಳಿಯಬೇಕು. ದಪ್ಪ ತಳದ ಬಾಣಲೆಯಲ್ಲಿ ಮಧ್ಯಮ ಉರಿಯ ಮೇಲೆ ಇದಕ್ಕೆ 15ರಿಂದ 20 ನಿಮಿಷ ಹಿಡಿಯುತ್ತದೆ. ಮೊದಲ ಹತ್ತು ನಿಮಿಷ ಮಿಶ್ರಣ ಸಡಿಲವಾಗಿ ಕೊತಕೊತ ಕುದಿಯುತ್ತಿರುತ್ತದೆ, ಆಗಾಗ ಕೈಯಾಡಿಸಿದರೆ ನಡೆಯುತ್ತದೆ. ಆಮೇಲೆ ಅದು ದಪ್ಪಗಾಗುತ್ತದೆ, ಗುಳ್ಳೆಗಳು ಸಣ್ಣದಾಗಿ ಬೆಳ್ಳಗಿನ ನೊರೆಯಂತೆ ಕಾಣುತ್ತವೆ. ಅಲ್ಲಿಂದ ಸೌಟು ಬಿಡುವಂತಿಲ್ಲ. ಉರಿ ಜೋರಾಗಿದ್ದರೆ ತಳದ ತುರಿ ಕಂದುಬಣ್ಣಕ್ಕೆ ತಿರುಗಿ ಇಡೀ ಬರ್ಫಿ ಹಳದಿಯಾಗುತ್ತದೆ. ಉರಿ ತೀರ ಸಣ್ಣದಾದರೆ ಇನ್ನೊಂದು ತೊಂದರೆ: ತುರಿ ಬಹಳ ಹೊತ್ತು ಬೆಂದು, ಒಳಗಿನ ಕಾಯಿಹಾಲು ಒಡೆದು, ಎಣ್ಣೆ ಬೇರ್ಪಟ್ಟು, ನಾರು ಮಾತ್ರ ಉಳಿದಂತಾಗುತ್ತದೆ.

ಇಳಿಸುವ ಹೊತ್ತನ್ನು ಮೂರು ಗುರುತುಗಳು ಸುಮಾರಾಗಿ ಒಟ್ಟಿಗೇ ಹೇಳುತ್ತವೆ. ಮಿಶ್ರಣ ತಳ ಬಿಟ್ಟು ಸೌಟಿನ ಜೊತೆ ಒಂದು ಮುದ್ದೆಯಾಗಿ ತಿರುಗುತ್ತದೆ. ಬಾಣಲೆಯ ಅಂಚಿನಲ್ಲಿ ಹತ್ತಿಕೊಂಡ ಪಾಕ ಒಣಗಿ ಬಿಳಿ ಪೊರೆಯಾಗಿ ಕಾಣತೊಡಗುತ್ತದೆ. ಒಂದು ಚಿಟಿಕೆ ತೆಗೆದು ಆರಿಸಿ ಬೆರಳಲ್ಲಿ ಹೊರಳಿಸಿದರೆ ಬೆರಳಿಗೆ ಅಂಟದ ಮೆತ್ತನೆಯ ಉಂಡೆಯಾಗುತ್ತದೆ. ಇವುಗಳಲ್ಲಿ ಹೆಚ್ಚು ನಂಬಬಹುದಾದದ್ದು ಬೆರಳಿನ ಉಂಡೆ. ತಳ ಬಿಡುವ ಗುರುತನ್ನೇ ನೆಚ್ಚಿಕೊಂಡರೆ ಮೋಸಹೋಗಬಹುದು, ಏಕೆಂದರೆ ತುಪ್ಪ ಧಾರಾಳವಾಗಿದ್ದರೆ ಅಥವಾ ಬಾಣಲೆ ನಾನ್‌ಸ್ಟಿಕ್ ಆಗಿದ್ದರೆ ಹದ ಬರುವ ಮುಂಚೆಯೇ ಮುದ್ದೆ ತಳ ಬಿಡುತ್ತದೆ. ಬಿಳಿ ಪೊರೆ ಅಂಚಿನಿಂದ ಒಳಗೆ ಹಬ್ಬುವವರೆಗೆ ಕಾದರೆ ತಡವಾಯಿತೆಂದೇ ಲೆಕ್ಕ.

ಅಡುಗೆಮನೆಯಲ್ಲಿ ತಕ್ಕಡಿ ಇರುವವರಿಗೆ ಇನ್ನೊಂದು ದಾರಿ ಉಂಟು. ಬಾಣಲೆಯನ್ನೂ ಸೌಟನ್ನೂ ಮೊದಲೇ ತೂಗಿ ಬರೆದಿಟ್ಟುಕೊಂಡರೆ ಒಳಗಿನ ಮಿಶ್ರಣದ ತೂಕ ಯಾವಾಗ ಬೇಕಾದರೂ ತಿಳಿಯುತ್ತದೆ. ಮೇಲಿನ ಅಳತೆಯಲ್ಲಿ 200 ಗ್ರಾಂ ಸಕ್ಕರೆ, ತುರಿಯ ನೀರು ಬಿಟ್ಟು ಉಳಿದ 106 ಗ್ರಾಂ, ಉಳಿಯಬೇಕಾದ ನೀರು 40 ಚಿಲ್ಲರೆ. ಒಟ್ಟು ಸುಮಾರು 350 ಗ್ರಾಂ. ಎರಡು ಚಮಚ ತುಪ್ಪ ಹಾಕಿದ್ದರೆ ಅದರ ತೂಕವನ್ನೂ ಸೇರಿಸಬೇಕು. ಬಿಸಿ ಬಾಣಲೆಯನ್ನು ತಕ್ಕಡಿಯ ಮೇಲೆ ನೇರ ಇಡದೆ ಕೆಳಗೊಂದು ಮರದ ಹಲಗೆ ಹಾಕಿ, ಅದರ ತೂಕ ಕಳೆಯಬೇಕು. ಕಾಯಿಯಿಂದ ಕಾಯಿಗೆ ನೀರಿನ ಅಂಶ ವ್ಯತ್ಯಾಸವಾಗುವುದರಿಂದ ತೂಕದ ಲೆಕ್ಕ ಹತ್ತು ಹದಿನೈದು ಗ್ರಾಂ ಅತ್ತಿತ್ತ ಆಗಬಹುದು. ಹದ ಸಮೀಪಿಸಿದೆ ಎಂದು ಅದು ಎಚ್ಚರಿಸುತ್ತದೆ, ಕೊನೆಯ ತೀರ್ಮಾನ ಬೆರಳಿನದೇ.

ಈಗ ಅದೇ ಬರ್ಫಿಯನ್ನು ಒಣ ತುರಿಯಲ್ಲಿ ಮಾಡಬೇಕಾದಾಗ ಹೆಚ್ಚಿನವರು ಎಡವುವುದು ಅಳತೆಯಲ್ಲೇ. ಎರಡು ಬಟ್ಟಲು ಹಸಿ ತುರಿಯ ಬದಲು ಎರಡು ಬಟ್ಟಲು ಒಣ ತುರಿ ಸುರಿಯುತ್ತಾರೆ. ಬಟ್ಟಲಿನ ಲೆಕ್ಕದಲ್ಲಿ ಎರಡರ ತೂಕವೂ ಸುಮಾರು ಒಂದೇ. ಹಸಿ ತುರಿಯಲ್ಲಿ ಅರ್ಧ ನೀರು, ಒಣ ತುರಿಯಲ್ಲಿ ನೀರೇ ಇಲ್ಲ. ಆದ್ದರಿಂದ ಬಾಣಲೆಗೆ ಬಿದ್ದ ಗಟ್ಟಿ ಕಾಯಿ ಹತ್ತಿರ ಹತ್ತಿರ ಎರಡು ಪಟ್ಟು, ಸಕ್ಕರೆ ಮಾತ್ರ ಅಷ್ಟೇ. ಹಿಡಿದಿಡುವ ಪಾಕ ಸಾಲದೆ ಬರ್ಫಿ ಉದುರುತ್ತದೆ. ಪಾಕದ ಹದ ತಪ್ಪಿತು ಎಂದು ಅಂದುಕೊಂಡು ಮುಂದಿನ ಸಲ ಪಾಕವನ್ನು ಇನ್ನೂ ಗಟ್ಟಿ ಮಾಡಿದರೆ ಬರ್ಫಿ ಮತ್ತಷ್ಟು ಪುಡಿಯಾಗುತ್ತದೆ.

200 ಗ್ರಾಂ ಹಸಿ ತುರಿಗೆ ಸಮನಾದ ಒಣ ತುರಿ 110 ಗ್ರಾಂ. ಸಕ್ಕರೆ ಅದೇ 200 ಗ್ರಾಂ. ಒಣ ತುರಿಯ ಮೇಲೆ 50 ಮಿಲಿಲೀಟರ್ ಬೆಚ್ಚಗಿನ ಹಾಲು ಚಿಮುಕಿಸಿ, ಕೈಯಿಂದ ಬೆರೆಸಿ, ಮುಚ್ಚಿ ಅರ್ಧ ಗಂಟೆ ಬಿಡಬೇಕು. ಎಳೆಗಳು ಹಾಲನ್ನು ಕುಡಿದು ಉಬ್ಬುತ್ತವೆ. ಈ ಅರ್ಧ ಗಂಟೆಯನ್ನು ಉಳಿಸಲು ಹೋದರೆ ಬರ್ಫಿ ತಿನ್ನುವಾಗ ನಾರು ಹಲ್ಲಿಗೆ ಸಿಗುತ್ತದೆ. ಅಷ್ಟೇ ಅಲ್ಲ, ಒಣಗಿದ ಎಳೆ ಬಾಣಲೆಯಲ್ಲಿ ಪಾಕದ ನೀರನ್ನು ಹೀರಿಕೊಳ್ಳುತ್ತದೆ. ನೀರು ಕಳೆದುಕೊಂಡ ಸಕ್ಕರೆ ಹರಳಾಗದೆ ಬೇರೆ ದಾರಿಯಿಲ್ಲ. ಎರಡೆಳೆ ಪಾಕಕ್ಕೆ ನೆನೆಸದ ಒಣ ತುರಿ ಹಾಕಿದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ: ಒಂದೆರಡು ನಿಮಿಷದಲ್ಲೇ ಮಿಶ್ರಣ ಬಾಣಲೆಯೊಳಗೇ ಬಿಳುಚಿ ಪುಡಿ ಪುಡಿಯಾಗುತ್ತದೆ, ತಟ್ಟೆಗೆ ಸುರಿಯುವ ಹೊತ್ತಿಗೆ ಒತ್ತಲೂ ಬರುವುದಿಲ್ಲ.

ಹಾಗಾಗಿ ಒಣ ತುರಿಗೆ ಬೇಕಾದದ್ದು ಒಂದೆಳೆ ಪಾಕ, ಅದಕ್ಕಿಂತ ಗಟ್ಟಿಯದಲ್ಲ. 200 ಗ್ರಾಂ ಸಕ್ಕರೆಗೆ 100 ಮಿಲಿಲೀಟರ್ ನೀರು ಹಾಕಿ ಒಂದೆಳೆಗೆ ತಂದರೆ ಪಾಕದಲ್ಲಿ 85 ಗ್ರಾಮಿನಷ್ಟು ನೀರಿರುತ್ತದೆ. ಹಾಲಿನಿಂದ ಬಂದದ್ದು ಮತ್ತು ತುರಿಯಲ್ಲಿದ್ದದ್ದು ಸೇರಿ ಒಟ್ಟು 130ರ ಆಸುಪಾಸು. ಇದರಲ್ಲಿ 45ರಿಂದ 50 ಗ್ರಾಂ ಉಳಿಸಿಕೊಂಡು ಇಳಿಸಬೇಕು. ನೆನೆದ ಒಣ ಎಳೆ ಆರಿದ ಮೇಲೂ ಸ್ವಲ್ಪ ನೀರು ಹಿಡಿಯುವುದರಿಂದ ಹಸಿ ಕಾಯಿಗಿಂತ ತುಸು ಹೆಚ್ಚು ಬಿಡುವುದು ಒಳ್ಳೆಯದು. ಮಧ್ಯಮ ಉರಿಯ ಮೇಲೆ ಎಂಟು ಹತ್ತು ನಿಮಿಷ ಸಾಕು. ಇಲ್ಲಿ ಮುದ್ದೆ ತಳ ಬಿಡುವುದನ್ನು ಕಾಯುತ್ತ ಕೂರಬಾರದು. ಬೆರಳಲ್ಲಿ ಉಂಡೆಯಾಗಿಯೂ ಇನ್ನೂ ತುಸು ಅಂಟುವ ಹಂತದಲ್ಲೇ ಇಳಿಸಬೇಕು. ಬಾಣಲೆಯ ಬಿಸಿಯಲ್ಲೇ ಉಳಿದ ಹದ ಬಂದುಬಿಡುತ್ತದೆ.

ಕೊಳ್ಳುವಾಗ ಸಣ್ಣ ತುರಿಯನ್ನೇ ಆರಿಸಬೇಕು. ಉದ್ದನೆಯ ಎಳೆಯದು ಕೇಕಿನ ಮೇಲೆ ಉದುರಿಸುವುದಕ್ಕೆ. ವಿದೇಶದಲ್ಲಿರುವ ಕನ್ನಡಿಗರು ಗಮನಿಸಬೇಕಾದದ್ದು, ಅಲ್ಲಿನ ಅಂಗಡಿಗಳಲ್ಲಿ ಸಕ್ಕರೆ ಬೆರೆಸಿದ ಒಣ ತುರಿಯೂ ಸಿಗುತ್ತದೆ. ಅದನ್ನು ಬಳಸಿದರೆ ಲೆಕ್ಕವೆಲ್ಲ ತಲೆಕೆಳಗು. ಅಲ್ಲಿ ಸಿಗುವ ಫ್ರೀಜರಿನ ಕಾಯಿತುರಿ ಹಸಿ ತುರಿಯ ಲೆಕ್ಕಕ್ಕೇ ಸೇರಿದ್ದು. ಹೆಪ್ಪು ಕರಗುವಾಗ ಅದು ನೀರು ಬಿಡುತ್ತದೆ, ಆ ನೀರನ್ನು ಬಸಿದು ತೆಗೆದರೆ ಒಲೆಯ ಮುಂದೆ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ಹಿಂಡಿ ಹಾಲು ತೆಗೆಯುವಷ್ಟು ಒತ್ತಿದರೆ ಮಾತ್ರ ಜಿಡ್ಡೂ ಹೋಗಿ ಬರ್ಫಿ ಒಣಗುತ್ತದೆ.

ರುಚಿಯ ಮಟ್ಟಿಗೆ ಎರಡನ್ನೂ ಸಮಾನ ಎನ್ನಲಾಗದು. ಹಸಿ ಕಾಯಿಯ ಬರ್ಫಿಯಲ್ಲಿ ಕಾಯಿಹಾಲಿನ ಸಿಹಿ, ಮೆತ್ತನೆಯ ರಸ ಇರುತ್ತದೆ. ಒಣ ತುರಿ ಎಷ್ಟು ನೆನೆದರೂ ಅದನ್ನು ಪೂರ್ತಿ ಕೊಡಲಾರದು. ಅದರ ಕೊರತೆ ತುಂಬಲು ಅಂಗಡಿಯವರು ಖೋವಾ ಅಥವಾ ಹಾಲಿನ ಪುಡಿ ಬೆರೆಸುತ್ತಾರೆ, ಅದು ಮೆತ್ತಗೂ ಮಾಡುತ್ತದೆ. ಹಾಲಿನ ಜಿಡ್ಡು ಮತ್ತು ಪ್ರೊಟೀನು ಸಕ್ಕರೆಯ ಹರಳು ದೊಡ್ಡದಾಗದಂತೆ ತಡೆಯುವುದೇ ಅದಕ್ಕೆ ಕಾರಣ. ಒಣ ತುರಿಯ ಬರ್ಫಿಗೆ ಇರುವ ಗುಣವೆಂದರೆ ಪ್ರತಿ ಸಲವೂ ಒಂದೇ ರೀತಿ ಬರುವುದು, ಬಣ್ಣ ಬೆಳ್ಳಗಿರುವುದು. ಹಸಿ ಕಾಯಿ ತುರಿಯುವಾಗ ಚಿಪ್ಪಿನ ಹತ್ತಿರದ ಕಂದು ಪದರಕ್ಕೆ ಕೈ ಹೋಗದಂತೆ ನೋಡಿಕೊಂಡು, ತುರಿಯನ್ನು ಮಿಕ್ಸಿಯಲ್ಲಿ ನೀರು ಹಾಕದೆ ಒಂದೆರಡು ಸುತ್ತು ತಿರುಗಿಸಿದರೆ ಹಸಿಯದೂ ಅಷ್ಟೇ ಬೆಳ್ಳಗೆ, ನುಣ್ಣಗೆ ಬರುತ್ತದೆ. ಉದ್ದ ಎಳೆ ಉಳಿದ ಬರ್ಫಿಯನ್ನು ಚಾಕು ಕತ್ತರಿಸುವುದಿಲ್ಲ, ಎಳೆಯುತ್ತದೆ, ಅಂಚು ಹರಿದಂತಾಗುತ್ತದೆ.

ಸಕ್ಕರೆ ಕಡಿಮೆ ಮಾಡುವ ಆಸೆಗೂ ಒಂದು ಮಿತಿ ಇದೆ. 200 ಗ್ರಾಂ ಹಸಿ ತುರಿಗೆ 150 ಗ್ರಾಂ ಸಕ್ಕರೆಯವರೆಗೆ ಇಳಿಸಬಹುದು, ಆಗ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಮಗುಚಬೇಕು. 100ಕ್ಕೆ ಇಳಿದರೆ ಸಿಗುವುದು ಹೋಳಿಗೆಗೆ ತುಂಬುವ ಹೂರಣ, ಬರ್ಫಿಯಲ್ಲ. ಬೆಲ್ಲ ಹಾಕುವುದಾದರೆ ಅದರಲ್ಲಿ ಹರಳಾಗದ ಸಕ್ಕರೆಯ ಅಂಶ ಇರುವುದರಿಂದ ಕಟ್ಟುವುದು ಸಡಿಲ, ಅಂಟು ಹೆಚ್ಚು. ಹದವನ್ನು ಉಂಡೆ ಪಾಕದ ಕಡೆಗೆ ಒಯ್ಯಬೇಕಾಗುತ್ತದೆ. ಪಾಕಕ್ಕೆ ಹಿಂಡುವ ನಿಂಬೆರಸವೂ ಇದೇ ಕೆಲಸ ಮಾಡುತ್ತದೆ. ಕುದಿಯುವ ಪಾಕದಲ್ಲಿ ಹುಳಿ ಸಕ್ಕರೆಯ ಒಂದು ಭಾಗವನ್ನು ಒಡೆದು ಹರಳಾಗದಂತೆ ಮಾಡುತ್ತದೆ. ಎರಡು ಮೂರು ಹನಿ ಬಿದ್ದರೆ ಬರ್ಫಿ ನುಣುಪಾಗುತ್ತದೆ, ಒಂದು ಚಮಚ ಬಿದ್ದರೆ ಕಟ್ಟುವುದೇ ಇಲ್ಲ.

ಒಲೆ ಆರಿಸಿದ ಮೇಲೆ ಏಲಕ್ಕಿ ಪುಡಿ ಹಾಕಿ ಒಂದೆರಡು ನಿಮಿಷ ಬಲವಾಗಿ ಕೈಯಾಡಿಸಬೇಕು. ಮಿಶ್ರಣದ ಹೊಳಪು ಕುಂದಿ ಮಂಕಾಗುವುದು ಸಕ್ಕರೆ ಹರಳಾಗತೊಡಗಿದ ಗುರುತು. ಹೀಗೆ ಕಲಕಿದಾಗ ಹರಳುಗಳು ಒಮ್ಮೆಗೇ ಲೆಕ್ಕವಿಲ್ಲದಷ್ಟು ಹುಟ್ಟಿ ಎಲ್ಲವೂ ಸಣ್ಣಗೇ ಉಳಿಯುತ್ತವೆ, ಬಾಯಿಗೆ ಮರಳು ಮರಳಾಗಿ ಸಿಗುವುದಿಲ್ಲ. ಕೂಡಲೇ ತುಪ್ಪ ಸವರಿದ ತಟ್ಟೆಗೆ ಹಾಕಿ, ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ತುಪ್ಪ ಸವರಿದ ಬಟ್ಟಲಿನ ತಳದಿಂದ ಮೆಲ್ಲಗೆ ಒತ್ತಬೇಕು. ಜೋರಾಗಿ ಒತ್ತಿದರೆ ಎಣ್ಣೆ ಮೇಲೆ ಬಂದು ಬರ್ಫಿ ಬಿಗಿಯಾಗುತ್ತದೆ. ಹತ್ತು ಹದಿನೈದು ನಿಮಿಷದ ನಂತರ, ಮುಟ್ಟಿದರೆ ಬೆಚ್ಚಗಿದ್ದು ಬೆರಳ ಗುರುತು ಮೂಡದಿದ್ದಾಗ ಚಾಕುವಿನಿಂದ ಗೆರೆ ಹಾಕಿ, ಪೂರ್ತಿ ಆರಿದ ಮೇಲೆ ಅದೇ ಗೆರೆಗಳಲ್ಲಿ ಬಿಡಿಸಬೇಕು. ಬಿಸಿಯಲ್ಲೇ ಕತ್ತರಿಸಿದರೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ. ಆರಿದ ಮೇಲೆ ಮೊದಲ ಸಲ ಕತ್ತರಿಸಲು ಹೋದರೆ ತುಂಡುಗಳು ಮನಸ್ಸಿಗೆ ಬಂದ ಕಡೆ ಒಡೆಯುತ್ತವೆ.

ಹದ ತಪ್ಪಿದರೂ ದಾರಿ ಇದೆ. ಒಂದು ಗಂಟೆ ಕಳೆದರೂ ತಟ್ಟೆಯಲ್ಲಿ ಮೆತ್ತಗೇ ಕೂತಿದ್ದರೆ ನೀರು ಹೆಚ್ಚು ಉಳಿದಿದೆ ಎಂದರ್ಥ. ಅಷ್ಟನ್ನೂ ಬಾಣಲೆಗೆ ಮರಳಿ ಹಾಕಿ ನಾಲ್ಕೈದು ನಿಮಿಷ ಮಗುಚಿದರೆ ಸರಿಹೋಗುತ್ತದೆ. ಪುಡಿಯಾದದ್ದಕ್ಕೆ ಮೂರು ನಾಲ್ಕು ಚಮಚ ಹಾಲು ಹಾಕಿ, ಸಣ್ಣ ಉರಿಯಲ್ಲಿ ಹರಳು ಕರಗುವವರೆಗೆ ಬಿಸಿ ಮಾಡಿ, ಮತ್ತೆ ಉಂಡೆಯ ಹದ ನೋಡಿ ಇಳಿಸಬಹುದು. ಮೇಲೆ ಎಣ್ಣೆ ಒಸರಿದ ಬರ್ಫಿಯನ್ನು ಮಾತ್ರ ಹಿಂದಕ್ಕೆ ತರಲಾಗದು. ಒಡೆದ ಕಾಯಿಹಾಲು ಮತ್ತೆ ಕೂಡುವುದಿಲ್ಲ.

ಚಳಿಗಾಲದ ಬೆಳಗ್ಗೆ ಅಥವಾ ಫ್ರಿಜ್ಜಿನಿಂದ ತೆಗೆದಾಗ ಬರ್ಫಿ ಗಟ್ಟಿಯಾಗಿದ್ದರೆ ಅದು ಪಾಕದ ತಪ್ಪಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಅದರ ಜೊತೆ ಬರ್ಫಿಯೂ ಬಿಗಿಯುತ್ತದೆ. ಅರ್ಧ ಗಂಟೆ ಹೊರಗಿಟ್ಟರೆ ಮೊದಲಿನ ಮೃದುತನ ಬರುತ್ತದೆ. ಹಸಿ ಕಾಯಿಯ ಬರ್ಫಿ ಹೊರಗೆ ಎರಡು ಮೂರು ದಿನ, ಫ್ರಿಜ್ಜಿನಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ಒಣ ತುರಿಯದು ಅದಕ್ಕಿಂತ ಹೆಚ್ಚು ದಿನ ತಡೆಯುತ್ತದೆ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಆವಿ ಮುಚ್ಚಳದಿಂದ ಹನಿಯಾಗಿ ಬಿದ್ದು ಬೂಷ್ಟು ಹಿಡಿಯುತ್ತದೆ. ಅಂಥ ಬರ್ಫಿ ಕಣ್ಣಿಗೆ ಚೆನ್ನಾಗಿಯೇ ಕಂಡರೂ ನಾಲಿಗೆಗೆ ಸಾಬೂನಿನ ರುಚಿ ಕೊಡಬಹುದು. ತೇವ ಮತ್ತು ಬೂಷ್ಟು ಸೇರಿ ಕಾಯಿಯ ಜಿಡ್ಡನ್ನು ಒಡೆದಾಗ ಹುಟ್ಟುವ ರುಚಿ ಅದು. ಹಾಗೆ ಆದದ್ದನ್ನು ತಿನ್ನಬಾರದು.